ಒಡೆದು ಬೆಸೆಯುವ ವಿಂಗಡಣೆ

1945ರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಒಂದು ಪ್ರೋಗ್ರಾಮ್ ಬರೆದರು. ಅದು ಓಡಬೇಕಿದ್ದ ಎಡ್ವ್ಯಾಕ್ ಎಂಬ ಗಣಕಯಂತ್ರ ಆಗಿನ್ನೂ ಕಾಗದದ ಮೇಲಷ್ಟೇ ಇತ್ತು. ಕೂಡು-ಕಳೆ ಲೆಕ್ಕಗಳ ಆಚೆಗೂ ಈ ಯಂತ್ರ ಉಪಯೋಗಕ್ಕೆ ಬರುತ್ತದೆಯೇ ಎಂದು ನೋಡಲು ಅವರು ಆರಿಸಿಕೊಂಡದ್ದು ವಿಂಗಡಣೆಯ ಕೆಲಸ, ಅಂದರೆ ಕಲಸಿಹೋದ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವುದು. ಇದಕ್ಕೆ ಅವರು ಬಳಸಿದ ಉಪಾಯವನ್ನೇ ಇಂದು ಮರ್ಜ್ ಸಾರ್ಟ್ ಎನ್ನುತ್ತಾರೆ.

ಉಪಾಯದ ತಿರುಳು ಒಂದು ಸಣ್ಣ ಸಂಗತಿಯಲ್ಲಿದೆ. ಎರಡು ಪಟ್ಟಿಗಳು ಆಗಲೇ ಕ್ರಮದಲ್ಲಿದ್ದರೆ ಅವನ್ನು ಒಂದಾಗಿ ಬೆಸೆಯುವುದು ಬಹಳ ಅಗ್ಗದ ಕೆಲಸ. ಎರಡರ ತುದಿಯಲ್ಲಿರುವ ಸಂಖ್ಯೆಗಳನ್ನಷ್ಟೇ ಹೋಲಿಸಿ, ಚಿಕ್ಕದನ್ನು ಎತ್ತಿ ಹೊಸ ಪಟ್ಟಿಗೆ ಹಾಕಿದರೆ ಸಾಕು. ಹಿಂದಿರುವ ಸಂಖ್ಯೆಗಳೆಲ್ಲ ತಮ್ಮ ತುದಿಗಿಂತ ದೊಡ್ಡವು ಅಥವಾ ಅದಕ್ಕೆ ಸಮ ಎಂದು ಮೊದಲೇ ಗೊತ್ತಿರುವುದರಿಂದ ಅವನ್ನು ನೋಡುವ ಅಗತ್ಯವೇ ಇಲ್ಲ. ಆ ಕಾಲದ ರಂಧ್ರಪತ್ರದ ಕಚೇರಿಗಳಲ್ಲಿ ಕೊಲೇಟರ್ ಎಂಬ ಯಂತ್ರ ಎರಡು ಕಟ್ಟು ಕಾರ್ಡುಗಳನ್ನು ಹೀಗೆಯೇ ಬೆಸೆಯುತ್ತಿತ್ತು.

ಆದರೆ ಕ್ರಮದಲ್ಲಿರುವ ಆ ಎರಡು ಪಟ್ಟಿಗಳು ಎಲ್ಲಿಂದ ಬರಬೇಕು? ರಿಕರ್ಷನ್ ಕೊಡುವ ಉತ್ತರ ಸೊಗಸಾಗಿದೆ: ಪಟ್ಟಿಯನ್ನು ನಡುವೆ ಒಡೆಯಿರಿ, ಎರಡೂ ಅರ್ಧಗಳನ್ನು ಇದೇ ವಿಧಾನದಲ್ಲಿ ವಿಂಗಡಿಸಿ, ಆಮೇಲೆ ಬೆಸೆಯಿರಿ. ಒಂದೇ ಸಂಖ್ಯೆ ಉಳಿದಾಗ ಒಡೆಯುವುದು ನಿಲ್ಲುತ್ತದೆ, ಏಕೆಂದರೆ ಒಂಟಿ ಸಂಖ್ಯೆ ತನ್ನಷ್ಟಕ್ಕೆ ಕ್ರಮದಲ್ಲಿಯೇ ಇರುತ್ತದೆ. ಪೈಥಾನ್‌ನಲ್ಲಿ ಇಷ್ಟೇ:

```python
def merge_sort(a):
    if len(a) <= 1:
        return a
    mid = len(a) // 2
    return merge(merge_sort(a[:mid]),
                 merge_sort(a[mid:]))

def merge(x, y):
    out = []
    i = j = 0
    while i < len(x) and j < len(y):
        if x[i] <= y[j]:
            out.append(x[i])
            i += 1
        else:
            out.append(y[j])
            j += 1
    return out + x[i:] + y[j:]
```

52, 17, 88, 31, 64, 9, 45, 23 ಎಂಬ ಎಂಟು ಸಂಖ್ಯೆಗಳನ್ನು ಇದಕ್ಕೆ ಕೊಟ್ಟು ನೋಡೋಣ. ಮೂರು ಸಲ ಒಡೆದಾಗ ಎಂಟೂ ಒಂಟಿಯಾಗುತ್ತವೆ. ಒಡೆಯುವುದಕ್ಕೆ ಒಂದು ಹೋಲಿಕೆಯೂ ಬೇಕಿಲ್ಲ. ಕೆಲಸವೆಲ್ಲ ಹಿಂದಿರುಗುವ ದಾರಿಯಲ್ಲಿದೆ. ತೀರಾ ಕೆಳಗಿನ ಹಂತದಲ್ಲಿ 17-52, 31-88, 9-64, 23-45 ಎಂಬ ನಾಲ್ಕು ಜೋಡಿಗಳು ಸಿದ್ಧವಾಗುತ್ತವೆ, ಜೋಡಿಗೊಂದರಂತೆ ನಾಲ್ಕು ಹೋಲಿಕೆ. ಈಗ 17-52ನ್ನು 31-88ರೊಡನೆ ಬೆಸೆಯಬೇಕು. 17 ಮತ್ತು 31ರಲ್ಲಿ 17 ಹೋಗುತ್ತದೆ, 52 ಮತ್ತು 31ರಲ್ಲಿ 31, 52 ಮತ್ತು 88ರಲ್ಲಿ 52. ಉಳಿದ 88 ಹೋಲಿಕೆಯಿಲ್ಲದೆ ಕೊನೆಗೆ ಸೇರುತ್ತದೆ. ಮೂರು ಹೋಲಿಕೆಗಳಲ್ಲಿ 17, 31, 52, 88 ಸಿಕ್ಕಿತು. ಇನ್ನೊಂದು ಬದಿಯಲ್ಲೂ ಮೂರೇ ಹೋಲಿಕೆಗಳಲ್ಲಿ 9, 23, 45, 64 ಬರುತ್ತದೆ. ಈ ಎರಡು ನಾಲ್ಕರ ಪಟ್ಟಿಗಳನ್ನು ಬೆಸೆಯಲು ಏಳು. ಒಟ್ಟು 17 ಹೋಲಿಕೆ.

ಇದೇ ಪಟ್ಟಿಯನ್ನು ಇನ್ಸರ್ಷನ್ ಸಾರ್ಟ್ ಎಂಬ ಸರಳ ವಿಧಾನಕ್ಕೆ ಕೊಡಬಹುದು. ಅದು ಒಂದೊಂದೇ ಸಂಖ್ಯೆಯನ್ನು ಎತ್ತಿಕೊಂಡು, ಎಡಗಡೆ ಆಗಲೇ ಕ್ರಮದಲ್ಲಿರುವ ಸಂಖ್ಯೆಗಳೊಡನೆ ಹೋಲಿಸುತ್ತ ಹಿಂದಕ್ಕೆ ಸರಿದು ತಕ್ಕ ಜಾಗಕ್ಕೆ ಸೇರಿಸುತ್ತದೆ. 22 ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. 17ಕ್ಕೂ 22ಕ್ಕೂ ಹೆಚ್ಚು ದೂರವಿಲ್ಲ. ಇಷ್ಟು ಸಣ್ಣ ಅಂತರಕ್ಕಾಗಿ ಒಡೆಯುವ, ಬೆಸೆಯುವ ಗೋಜು ಬೇಕೇ ಎಂದು ಯಾರಿಗಾದರೂ ಅನ್ನಿಸೀತು. ಎಂಟು ಸಂಖ್ಯೆಗಳಿಗಾದರೆ ಖಂಡಿತ ಬೇಡ.

ಪಟ್ಟಿ ಹತ್ತು ಲಕ್ಷಕ್ಕೆ ಬೆಳೆಯಲಿ. ಪಟ್ಟಿ ಪೂರ್ತಿ ತಲೆಕೆಳಗಾಗಿದ್ದರೆ ಇನ್ಸರ್ಷನ್ ಸಾರ್ಟ್‌ನಲ್ಲಿ ಪ್ರತಿಯೊಂದು ಸಂಖ್ಯೆಯೂ ತನಗಿಂತ ಮೊದಲು ಬಂದ ಎಲ್ಲದರೊಡನೆ ಹೋಲಿಕೆಯಾಗಬೇಕು. ಅದು ಸುಮಾರು 50,000 ಕೋಟಿ ಹೋಲಿಕೆ. ಮರ್ಜ್ ಸಾರ್ಟ್‌ನ ಲೆಕ್ಕ ಬೇರೆ. ಹತ್ತು ಲಕ್ಷವನ್ನು ಅರ್ಧ, ಅದರರ್ಧ ಎಂದು ಒಡೆಯುತ್ತ ಹೋದರೆ 20 ಹಂತಗಳಲ್ಲಿ ಒಂಟಿ ಸಂಖ್ಯೆಗಳನ್ನು ಮುಟ್ಟುತ್ತೇವೆ. ಪ್ರತಿ ಹಂತದಲ್ಲೂ ತುಂಡುಗಳು ಎಷ್ಟೇ ಇರಲಿ, ಎಲ್ಲ ಸೇರಿ ಬೆಸೆಯಬೇಕಾದ ಸಂಖ್ಯೆಗಳು ಹತ್ತು ಲಕ್ಷವೇ. ಹೀಗಾಗಿ ಎಷ್ಟು ಕೆಟ್ಟ ಪಟ್ಟಿ ಬಂದರೂ ಹೋಲಿಕೆಗಳು ಎರಡು ಕೋಟಿ ದಾಟುವುದಿಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ಗರಿಷ್ಠ 1,89,51,425. ಯಂತ್ರವೊಂದು ಸೆಕೆಂಡಿಗೆ ಒಂದು ಕೋಟಿ ಹೋಲಿಕೆ ಮಾಡುತ್ತದೆ ಎಂದುಕೊಂಡರೆ ಮರ್ಜ್ ಸಾರ್ಟ್ ಎರಡು ಸೆಕೆಂಡಿನೊಳಗೆ ಮುಗಿಸುತ್ತದೆ, ಇನ್ಸರ್ಷನ್ ಸಾರ್ಟ್‌ಗೆ ಹದಿನಾಲ್ಕು ಗಂಟೆಗೆ ತುಸು ಕಡಿಮೆ ಹಿಡಿಯುತ್ತದೆ.

ಪಟ್ಟಿಯ ಉದ್ದ ಇಮ್ಮಡಿಯಾದಾಗ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ಎರಡರ ಸ್ವಭಾವ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇನ್ಸರ್ಷನ್ ಸಾರ್ಟ್‌ನ ಕೆಲಸ ನಾಲ್ಕು ಪಟ್ಟಾಗುತ್ತದೆ. ಮರ್ಜ್ ಸಾರ್ಟ್‌ಗೆ ಒಂದು ಹಂತ ಮಾತ್ರ ಹೆಚ್ಚುತ್ತದೆ, ಆದ್ದರಿಂದ ಕೆಲಸ ಎರಡು ಪಟ್ಟಿಗಿಂತ ಸ್ವಲ್ಪವೇ ಹೆಚ್ಚು. ಈ ಅಳತೆ ತಪ್ಪು ಹಿಡಿಯಲೂ ಉಪಯುಕ್ತ. ಬೆಸೆಯುವಾಗ ಕೆಲವರು `i`, `j` ಬಳಸದೆ `x.pop(0)` ಎಂದು ಪಟ್ಟಿಯ ತಲೆಯನ್ನೇ ಕಿತ್ತು ತೆಗೆಯುತ್ತಾರೆ. ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ತಲೆ ಕಿತ್ತಾಗಲೆಲ್ಲ ಪೈಥಾನ್ ಉಳಿದ ಸಂಖ್ಯೆಗಳನ್ನು ಒಂದೊಂದು ಜಾಗ ಮುಂದಕ್ಕೆ ಸರಿಸಬೇಕು, ಗಳಿಸಿದ ಲಾಭ ಅಲ್ಲೇ ಸೋರಿಹೋಗುತ್ತದೆ. ಸಣ್ಣ ಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಉದ್ದ ಪಟ್ಟಿಗಳಲ್ಲಿ ಉದ್ದ ಇಮ್ಮಡಿಯಾದಾಗ ಸಮಯ ನಾಲ್ಕು ಪಟ್ಟಿನತ್ತ ಹೋಗತೊಡಗಿದರೆ ಬೆಸೆಯುವ ಭಾಗವನ್ನು ಅನುಮಾನಿಸಬೇಕು.

ಇನ್ನೊಂದು ತಪ್ಪು ಕೂಡಲೇ ಗೊತ್ತಾಗುವಂಥದ್ದು. ನಿಲ್ಲಿಸುವ ಷರತ್ತನ್ನು `len(a) == 0` ಎಂದು ಬರೆದರೆ ಒಂದೇ ಸಂಖ್ಯೆಯ ಪಟ್ಟಿ ಒಡೆದು ಖಾಲಿ ಅರ್ಧವೊಂದು, ಅದೇ ಪಟ್ಟಿ ಇನ್ನೊಂದು ಆಗುತ್ತದೆ. ಅದನ್ನು ಮತ್ತೆ ಒಡೆದರೂ ಅದೇ ಗತಿ, ಕೊನೆಗೆ `RecursionError` ಬರುತ್ತದೆ. ಸರಿಯಾಗಿ ಬರೆದ ಮರ್ಜ್ ಸಾರ್ಟ್‌ಗೆ ಈ ಭಯವಿಲ್ಲ. ಹತ್ತು ಲಕ್ಷದ ಪಟ್ಟಿಗೂ ಅದು ಇಳಿಯುವ ಆಳ ಇಪ್ಪತ್ತೇ ಹಂತ. ಇವೆರಡಕ್ಕಿಂತ ಸೂಕ್ಷ್ಮವಾದದ್ದು `<=` ಜಾಗದಲ್ಲಿ `<` ಬರೆಯುವುದು. ಸಂಖ್ಯೆಗಳಷ್ಟೇ ಇದ್ದರೆ ವ್ಯತ್ಯಾಸವೇ ತೋರದು. ಹೆಸರಿನ ಕ್ರಮದಲ್ಲಿರುವ ವಿದ್ಯಾರ್ಥಿಗಳ ಪಟ್ಟಿಯನ್ನು ಅಂಕದ ಪ್ರಕಾರ ವಿಂಗಡಿಸಿದಾಗ ಮಾತ್ರ ಬಯಲಾಗುತ್ತದೆ: ಸಮ ಅಂಕ ಪಡೆದವರ ನಡುವೆ ಹೆಸರಿನ ಕ್ರಮ ಉಳಿಯಬೇಕಿತ್ತು, ಅದು ಕದಡಿರುತ್ತದೆ.

ಬೆಸೆಯಲು ಪಟ್ಟಿಯಷ್ಟೇ ದೊಡ್ಡದಾದ ಇನ್ನೊಂದು ಜಾಗ ಬೇಕು ಎಂಬುದು ಈ ವಿಧಾನದ ನಿಜವಾದ ಬೆಲೆ. ಹೋಲಿಕೆಗಳ ಲೆಕ್ಕದಲ್ಲಿ ಮಾತ್ರ ಹೆಚ್ಚು ಉಳಿಸುವುದು ಯಾರಿಂದಲೂ ಸಾಧ್ಯವಿಲ್ಲ. ಎಂಟು ಸಂಖ್ಯೆಗಳನ್ನು 40,320 ಬಗೆಯಲ್ಲಿ ಜೋಡಿಸಬಹುದು. ಹೌದು-ಅಲ್ಲ ಎಂಬ ಒಂದು ಹೋಲಿಕೆ ಈ ಸಾಧ್ಯತೆಗಳನ್ನು ಅರ್ಧಕ್ಕಿಳಿಸುತ್ತದೆ ಎಂದರೂ, 15 ಹೋಲಿಕೆಗಳು ಪ್ರತ್ಯೇಕಿಸಬಲ್ಲದ್ದು 32,768 ಬಗೆಗಳನ್ನಷ್ಟೇ. ಕಡೇಪಕ್ಷ 16 ಬೇಕೇ ಬೇಕು. ಮರ್ಜ್ ಸಾರ್ಟ್ ಗರಿಷ್ಠ 17ರಲ್ಲಿ ಮುಗಿಸುತ್ತದೆ.

ಅದು ಕೈಬಿಡುವ ಒಂದು ಅವಕಾಶವಿದೆ. ಮೊದಲೇ ಕ್ರಮದಲ್ಲಿರುವ ಪಟ್ಟಿ ಕೊಟ್ಟರೂ ಮೇಲಿನ ಪ್ರೋಗ್ರಾಮ್ ಅದನ್ನು ಚೂರುಚೂರು ಮಾಡಿಯೇ ಬೆಸೆಯುತ್ತದೆ. 2002ರಲ್ಲಿ ಟಿಮ್ ಪೀಟರ್ಸ್ ಪೈಥಾನ್‌ಗಾಗಿ ರಚಿಸಿದ ಟಿಮ್‌ಸಾರ್ಟ್ ಇದನ್ನು ಸರಿಪಡಿಸಿತು. ಅದು ಕುರುಡಾಗಿ ಒಡೆಯುವುದಿಲ್ಲ. ಪಟ್ಟಿಯಲ್ಲಿ ಆಗಲೇ ಏರಿಕೆಯಲ್ಲಿರುವ ಸಾಲುಗಳನ್ನು ಹುಡುಕುತ್ತದೆ, ತೀರಾ ಗಿಡ್ಡ ಸಾಲುಗಳನ್ನು ಇನ್ಸರ್ಷನ್ ಸಾರ್ಟ್‌ನಿಂದಲೇ ಬೆಳೆಸಿಕೊಳ್ಳುತ್ತದೆ, ಆಮೇಲಷ್ಟೇ ಬೆಸೆಯುತ್ತದೆ. ಕ್ರಮದಲ್ಲಿರುವ ಹತ್ತು ಲಕ್ಷ ಸಂಖ್ಯೆಗಳಿಗೆ ಸಾದಾ ಮರ್ಜ್ ಸಾರ್ಟ್ ಸುಮಾರು ಒಂದು ಕೋಟಿ ಹೋಲಿಕೆ ಮಾಡಿದರೆ, ಟಿಮ್‌ಸಾರ್ಟ್ 9,99,999ರಲ್ಲಿ ನಿಲ್ಲಿಸುತ್ತದೆ.