ಕೈಯಲ್ಲಿ ಕಾರ್ಡು, ಪಕ್ಕದಲ್ಲಿ ಮುಖ

ಆನ್‌ಲೈನ್ ಖಾತೆ ತೆರೆಯುವಾಗ ಗುರುತಿನ ಚೀಟಿಯ ಫೋಟೊ ಕೊಟ್ಟ ಮೇಲೂ, ಅದನ್ನು ಕೈಯಲ್ಲಿ ಹಿಡಿದು ಸೆಲ್ಫಿ ತೆಗೆಯಿರಿ ಎಂದು ಕೆಲವು ಕಂಪನಿಗಳು ಕೇಳುತ್ತವೆ. ಕಾರಣವಿದೆ. ಜೆರಾಕ್ಸ್ ಅಂಗಡಿಯಿಂದಲೋ ವಾಟ್ಸಾಪ್‌ನಿಂದಲೋ ಕಾರ್ಡಿನ ಪ್ರತಿ ಯಾರ ಕೈಗಾದರೂ ಸಿಗಬಹುದು. ಅಸಲಿ ಕಾರ್ಡೂ ಅದರ ಒಡೆಯನ ಮುಖವೂ ಒಂದೇ ಚಿತ್ರದಲ್ಲಿರುವುದು ಅಷ್ಟು ಸುಲಭವಲ್ಲ.

ವಂಚಕರು ಮೊದಲು ಕೈಹಾಕುವುದು ಫೋಟೊ ತಿದ್ದುವ ತಂತ್ರಾಂಶಕ್ಕೆ. ಯಾರೋ ಬಿಳಿ ಹಾಳೆ ಹಿಡಿದು ನಿಂತ ಚಿತ್ರದ ಮೇಲೆ ಕದ್ದ ಕಾರ್ಡನ್ನು ಅಂಟಿಸುತ್ತಾರೆ. ಪರಿಶೀಲಿಸುವವರ ಕಣ್ಣು ನೇರ ಬೆರಳಿನತ್ತ ಹೋಗುತ್ತದೆ. ನಿಜವಾಗಿ ಹಿಡಿದ ಕಾರ್ಡಿನ ಅಂಚನ್ನು ಹೆಬ್ಬೆರಳು ಸ್ವಲ್ಪ ಮುಚ್ಚಿರುತ್ತದೆ, ಅದರ ತೆಳು ನೆರಳು ಕಾರ್ಡಿನ ಮೇಲೆ ಬೀಳುತ್ತದೆ. ಅಂಟಿಸಿದ್ದರಲ್ಲಿ ನೆರಳಿಲ್ಲ, ಮುಖ ಮಸುಕಾಗಿದ್ದರೂ ಅಕ್ಷರಗಳು ಅನುಮಾನ ಬರುವಷ್ಟು ಚೊಕ್ಕ.

ಇನ್ನೊಂದು ದಾರಿಯಲ್ಲಿ ನಕಲಿಯೇ ಇಲ್ಲ. ಕೆಲಸ, ಸಾಲ ಕೊಡಿಸುವ ನೆಪದಲ್ಲಿ ನಿಮ್ಮಿಂದಲೇ ಸೆಲ್ಫಿ ತರಿಸಿಕೊಂಡು, ಅದನ್ನು ಬೇರೆಡೆ ಖಾತೆಗೆ ಬಳಸುತ್ತಾರೆ. ಚಿತ್ರದಲ್ಲಿ ಎಲ್ಲವೂ ಅಸಲಿ, ಹಿಡಿಯುವುದೇ ಕಷ್ಟ. ಅದಕ್ಕೇ ಕೆಲವರು ಕಂಪನಿಯ ಹೆಸರು, ಆ ದಿನದ ತಾರೀಖು ಬರೆದ ಚೀಟಿಯನ್ನೂ ಹಿಡಿಯಲು ಹೇಳುತ್ತಾರೆ. ನನಗೆ ಇದು ಸರಳವಾದರೂ ಜಾಣ ಉಪಾಯ ಅನ್ನಿಸುತ್ತದೆ. ಆದರೆ ಚೀಟಿಯ ಬರಹವನ್ನೂ ತಿದ್ದಬಹುದು.

ನಿಂತ ಚಿತ್ರಕ್ಕೆ ಈ ಮಿತಿ ಇದ್ದೇ ಇದೆ. ನಮ್ಮ ರಿಸರ್ವ್ ಬ್ಯಾಂಕ್ 2020ರಲ್ಲಿ ಒಪ್ಪಿದ ವಿಡಿಯೊ ಕೆವೈಸಿಯಲ್ಲಿ ಬ್ಯಾಂಕಿನ ಅಧಿಕಾರಿ ನೇರಪ್ರಸಾರದಲ್ಲೇ ಮಾತಾಡಿಸುತ್ತಾರೆ, ಪ್ರಶ್ನೆಗಳ ಕ್ರಮವನ್ನು ಬದಲಿಸುತ್ತಾರೆ, ಗ್ರಾಹಕ ಭಾರತದಲ್ಲೇ ಇದ್ದಾನೆಯೇ ಎಂದೂ ನೋಡುತ್ತಾರೆ. ಡೀಪ್‌ಫೇಕ್ ಮುಖಗಳು ಈಗ ಅಲ್ಲಿಗೂ ಕಾಲಿಡುತ್ತಿವೆ.