ವಾರವಿರುವಾಗ ಕೈಕೊಟ್ಟ ಸಭಾಂಗಣಕ್ಕೆ ಬರೆಯುವ ಪತ್ರ

ಮಗಳ ರಂಗಪ್ರವೇಶಕ್ಕೆ ಇನ್ನೊಂದೇ ವಾರ. ಆಹ್ವಾನ ಪತ್ರಿಕೆ ಹಂಚಿಯಾಗಿದೆ. ಆಗ ಸಭಾಂಗಣದ ಮ್ಯಾನೇಜರ್ ಫೋನ್ ಮಾಡಿ, ‘ಅದೇ ದಿನ ಬೇರೆಯವರಿಗೂ ಬುಕ್ ಆಗಿಬಿಟ್ಟಿದೆ, ಬಂದು ಅಡ್ವಾನ್ಸ್ ವಾಪಸ್ ತಗೊಂಡು ಹೋಗಿ’ ಎನ್ನುತ್ತಾರೆ. ಸಿಟ್ಟು ಬರುವುದು ನ್ಯಾಯವೇ. ಆದರೆ ಪತ್ರದಲ್ಲಿ ಸಿಟ್ಟಿಗಿಂತ ರಸೀದಿಯ ಮಾತಿಗೇ ಬೆಲೆ ಹೆಚ್ಚು.

ಮೊದಲ ಸಾಲಿನಲ್ಲೇ ರಸೀದಿ ಸಂಖ್ಯೆ, ಬುಕ್ ಮಾಡಿದ ದಿನ, ಕಟ್ಟಿದ ಹಣ, ಕಾರ್ಯಕ್ರಮದ ದಿನಾಂಕ ಮತ್ತು ಸಮಯ ಇರಲಿ. ಫೋನಿನಲ್ಲಿ ಯಾರು, ಯಾವಾಗ, ಏನೆಂದರು ಎಂಬುದನ್ನೂ ಬರೆಯಿರಿ. ಬಾಯಿಮಾತು ದಾಖಲೆಯಾಗುವುದು ಹೀಗೆಯೇ. ಆಮೇಲೆ ಬೇಡಿಕೆ: ‘ಮೊದಲು ಬುಕ್ ಮಾಡಿದವರು ನಾವು, ಸಭಾಂಗಣ ನಮಗೇ ಕೊಡಿ. ಆಗದಿದ್ದರೆ ಹತ್ತಿರದಲ್ಲೇ ಅಷ್ಟೇ ಆಸನಗಳ, ಅಂಥದೇ ವೇದಿಕೆಯ ಜಾಗ ಒದಗಿಸಿ, ಹೆಚ್ಚುವರಿ ಬಾಡಿಗೆ ನೀವೇ ಭರಿಸಿ. ನಾಳೆ ಸಂಜೆ 5ರೊಳಗೆ ಲಿಖಿತ ಉತ್ತರ ಬೇಕು.’ ಗಡುವಿಲ್ಲದ ಪತ್ರ ಮೇಜಿನ ಮೇಲೇ ಉಳಿಯುತ್ತದೆ.

ಅಡ್ವಾನ್ಸ್ ಮರಳಿ ಪಡೆಯುವಾಗ ಎಚ್ಚರ. ‘ಇನ್ನೇನೂ ಬಾಕಿ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿದರೆ, ಮರುಮುದ್ರಣದ ಖರ್ಚನ್ನು ಕೇಳುವುದು ಕಷ್ಟ. ಆ ಬಿಲ್ಲುಗಳನ್ನು ಜೋಪಾನ ಮಾಡಿ.

ಪತ್ರವನ್ನು ಇಮೇಲ್ ಮಾಡಿ, ಇನ್ನೊಂದು ಪ್ರತಿಯನ್ನು ಖುದ್ದಾಗಿ ಕೊಟ್ಟು ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೆ 2 ವರ್ಷದ ಕಾಲಾವಕಾಶವಿದೆ.