ರಾಗವೆಂದರೆ ಬರೀ ಸ್ಕೇಲ್ ಅಲ್ಲ

ಕಛೇರಿಗೆ ಹೋದಾಗ ಕೈಗಿಡುವ ಇಂಗ್ಲಿಷ್ ಕರಪತ್ರದಲ್ಲಿ ರಾಗಕ್ಕೆ ‘ಸ್ಕೇಲ್’ ಎಂದು ಬರೆದಿರುವುದುಂಟು. ಆ ಮಾತು ನಿಜವೇ ಎಂದು ನೋಡಲು ಆರಭಿ ಮತ್ತು ದೇವಗಾಂಧಾರಿಯನ್ನು ಪಕ್ಕಪಕ್ಕ ಇಟ್ಟರೆ ಸಾಕು.

ಎರಡೂ 29ನೇ ಮೇಳವಾದ ಧೀರಶಂಕರಾಭರಣದ ಜನ್ಯಗಳು. ಎರಡರ ಆರೋಹಣವೂ ಸ ರಿ ಮ ಪ ದ ಸ. ಇಳಿಯುವಾಗ ಏಳೂ ಸ್ವರಗಳು ಬರುತ್ತವೆ. ಅಂದರೆ ಸ್ಕೇಲ್ ಒಂದೇ. ಆದರೂ ಕೇಳಿ ಪಳಗಿದ ಕಿವಿಗೆ ಗೊಂದಲವಿಲ್ಲ. ಆರಭಿ ನೇರವಾದ ಸ್ವರಗಳ ಮೇಲೆ ಚುರುಕಾಗಿ ಓಡುತ್ತದೆ. ತ್ಯಾಗರಾಜರ ‘ಸಾಧಿಂಚೆನೆ’ ಇದಕ್ಕೆ ಸಾಕ್ಷಿ. ದೇವಗಾಂಧಾರಿ ಸ್ವರಗಳನ್ನು ಎಳೆದು, ತೂಗಿ, ಗಮಕದಲ್ಲಿ ನಿಧಾನವಾಗಿ ನಡೆಯುತ್ತದೆ. ಅವರದೇ ‘ಕ್ಷೀರಸಾಗರ ಶಯನ’ ಕೇಳಿ. ಸ್ಕೇಲ್ ಎಂಬ ಪದ ಮೆಟ್ಟಿಲುಗಳನ್ನು ಹೇಳುತ್ತದೆ, ನಡಿಗೆಯನ್ನಲ್ಲ.

‘ಅಲಂಕಾರ’ದ ಕಥೆ ಇನ್ನೂ ತಮಾಷೆ. ಅದನ್ನು ‘ಆರ್ನಮೆಂಟ್’ ಎಂದರೆ ನಿಘಂಟಿಗೆ ಸರಿ. ಆದರೆ ನಮ್ಮ ಪಾಠದ ಮನೆಯಲ್ಲಿ ಅಲಂಕಾರವೆಂದರೆ ಮಾಯಾಮಾಳವಗೌಳದಲ್ಲಿ ಏಳು ತಾಳಗಳಿಗೆ ಕೂರಿಸಿದ ಅಭ್ಯಾಸ. ಆ ಇಂಗ್ಲಿಷ್ ಪದ ಹೆಚ್ಚು ಹೊಂದುವುದು ಗಮಕಕ್ಕೆ, ಅದೂ ಅರೆಬರೆ: ಒಡವೆಯನ್ನು ಕಳಚಿಡಬಹುದು, ತೋಡಿಯ ಗಾಂಧಾರದಿಂದ ಕಂಪನ ತೆಗೆದರೆ ತೋಡಿಯೇ ಉಳಿಯದು.

ತಾಳ ‘ರಿದಮ್’ ಆದಾಗ ಆದಿತಾಳದ 4+2+2 ಎಣಿಕೆಯ ಆವರ್ತವೇ ಮಾಯ. ಶ್ರುತಿಗೆ ‘ಪಿಚ್’ ಎಂಬುದು ಗಾಯಕರ ಆಧಾರ ಷಡ್ಜಕ್ಕೆ ನಡೆಯುತ್ತದೆ; 22 ಶ್ರುತಿಗಳ ಮಾತು ಬಂದಲ್ಲಿ ನಡೆಯುವುದಿಲ್ಲ.

ಕರಪತ್ರ ಬರೆಯುವವರೇ, ರಾಗವನ್ನು ರಾಗವೆಂದೇ ಬಿಡಿ. ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಡಿ.